ಒಟ್ಟು ತಾಳೆಯಾಯಿತು, ಓದಿದ್ದು ಸರಿಯೇ?

ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ನಮ್ಮ ಊರುಗಳ ಪತ್ತಿನ ಸಹಕಾರ ಸಂಘಗಳಲ್ಲಿ ವಾರ್ಷಿಕ ಮಹಾಸಭೆಯ ಗಡಿಬಿಡಿ. ಸದಸ್ಯರಿಗೆಲ್ಲ ವಾರ್ಷಿಕ ವರದಿಯ ಪುಸ್ತಿಕೆ ಹಂಚುತ್ತಾರೆ. ಸಭೆಗೆ ಬಾರದವರಿಗೆ ಯಾರಾದರೊಬ್ಬರು ಅದರ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಅಧ್ಯಕ್ಷರ ಮಾತು, ನಿರ್ದೇಶಕರ ಭಾವಚಿತ್ರ, ಪ್ರತಿಭಾ ಪುರಸ್ಕಾರ ಪಡೆದ ಮಕ್ಕಳ ಪಟ್ಟಿ ಎಲ್ಲ ದಾಟಿದ ಮೇಲೆ ಒಂದು ಪುಟ ಸಿಗುತ್ತದೆ: ಮಾರ್ಚ್ 31ರ ಅಂತ್ಯಕ್ಕೆ ಇದ್ದಂತೆ ಆಸ್ತಿ ಮತ್ತು ಜವಾಬ್ದಾರಿ ತಃಖ್ತೆ. ಕಾಮರ್ಸ್ ಓದಿದವರು ಅಢಾವೆ ಪತ್ರಿಕೆ ಎನ್ನುತ್ತಾರೆ, ಉಳಿದವರು ಬ್ಯಾಲೆನ್ಸ್ ಶೀಟ್ ಎನ್ನುತ್ತಾರೆ. ಬಹುತೇಕ ಮಂದಿ ಆ ಪುಟದ ಕೊನೆಯ ಸಾಲು ನೋಡುತ್ತಾರೆ. ಎಡಗಡೆಯ ಮೊತ್ತವೂ ಬಲಗಡೆಯ ಮೊತ್ತವೂ ಒಂದೇ ಇರುತ್ತದೆ. ಸರಿಯಾಗಿದೆ ಎಂದುಕೊಂಡು ಮುಂದಿನ ಪುಟಕ್ಕೆ ಹೋಗುತ್ತಾರೆ.

ಆ ಎರಡು ಮೊತ್ತ ಒಂದೇ ಆಗಿರುವುದರಿಂದ ನಮಗೆ ತಿಳಿದದ್ದು ಏನೂ ಇಲ್ಲ. ಅವು ಬೇರೆ ಬೇರೆ ಇದ್ದರೆ ಆ ಪುಟ ಅಚ್ಚಿಗೇ ಹೋಗುತ್ತಿರಲಿಲ್ಲ. ಫೋಟೊದಲ್ಲಿರುವ ಅಂಕಿಗಳನ್ನು ಕಂಪ್ಯೂಟರಿಗೆ ಇಳಿಸಿ ನಿಜವಾಗಿ ಪರೀಕ್ಷೆ ಮಾಡಬೇಕೆಂದರೆ ಕೊನೆಯ ಸಾಲನ್ನು ಬದಿಗಿಟ್ಟು ಮೇಲಿನ ಒಂದೊಂದು ಸಾಲನ್ನೂ ಓದಬೇಕು, ನಾವೇ ಕೂಡಬೇಕು. ಆಸ್ತಿಯಷ್ಟೂ ಒಂದು ಕಡೆ. ಹೊರಗಿನವರಿಗೆ ಕೊಡಬೇಕಾದದ್ದು ಮತ್ತು ಸಂಘದ ಸ್ವಂತದ್ದು, ಎರಡೂ ಸೇರಿ ಇನ್ನೊಂದು ಕಡೆ. ಸೂತ್ರ ಇಷ್ಟೇ: ಆಸ್ತಿ = ಜವಾಬ್ದಾರಿ + ಸ್ವಂತ ಬಂಡವಾಳ. ಸಂಘದ ಬಳಿ ಇರುವ ಪ್ರತಿ ರೂಪಾಯಿಯೂ ಯಾರೋ ಕೊಟ್ಟದ್ದು ಅಥವಾ ಸಂಘವೇ ಗಳಿಸಿ ಉಳಿಸಿದ್ದು, ಮೂರನೆಯ ಮೂಲ ಇಲ್ಲ. ಆದ್ದರಿಂದ ಈ ಸಮೀಕರಣ ಹೊಂದಲೇಬೇಕು. ಹೊಂದದಿದ್ದರೆ ನಾವು ಓದಿದ್ದರಲ್ಲಿ ತಪ್ಪಿದೆ, ಇಲ್ಲವೇ ಅಚ್ಚಿನಲ್ಲಿ ತಪ್ಪಿದೆ.

ಹೇಗೆಂದು ನೋಡಲು ಒಂದು ತಃಖ್ತೆ ಬೇಕು. ಕೆಳಗಿನದು ಯಾವ ಸಂಘದ್ದೂ ಅಲ್ಲ. ಸಣ್ಣ ಪತ್ತಿನ ಸಂಘಗಳ ವರದಿಯಲ್ಲಿ ಕಾಣುವ ಬಾಬ್ತುಗಳನ್ನೇ ಇಟ್ಟುಕೊಂಡು ಅಂಕಿಗಳನ್ನು ನಾನು ಹೊಂದಿಸಿದ್ದೇನೆ.

ಎಡಗಡೆ, "ಬಂಡವಾಳ ಮತ್ತು ಜವಾಬ್ದಾರಿಗಳು":

ಷೇರು ಬಂಡವಾಳ – 18,42,500
ಆಪದ್ಧನ ನಿಧಿ – 9,76,340
ಕಟ್ಟಡ ನಿಧಿ – 3,50,000
ಠೇವಣಿಗಳು (ಉಳಿತಾಯ 21,38,470, ಮುದ್ದತಿ 98,60,000, ಪಿಗ್ಮಿ 26,75,350) – 1,46,73,820
ಬ್ಯಾಂಕ್ ಸಾಲ – 25,00,000
ಕೊಡತಕ್ಕ ಬಡ್ಡಿ – 3,64,215
ಕೊಡತಕ್ಕ ಡಿವಿಡೆಂಡ್ – 57,860
ಈ ಸಾಲಿನ ನಿವ್ವಳ ಲಾಭ – 4,18,912
ಒಟ್ಟು – 2,11,83,647

ಬಲಗಡೆ, "ಆಸ್ತಿಗಳು":

ಕೈಯಲ್ಲಿರುವ ನಗದು – 1,27,436
ಬ್ಯಾಂಕ್ ಶಿಲ್ಕು – 14,83,905
ಹೂಡಿಕೆಗಳು – 32,15,000
ಸದಸ್ಯರ ಸಾಲ – 1,52,48,760
ಬರತಕ್ಕ ಬಡ್ಡಿ – 6,91,280
ಪೀಠೋಪಕರಣ (2,40,000; ಕಳೆ: ಸವಕಳಿ 24,000) – 2,16,000
ಬಾಡಿಗೆ ಮುಂಗಡ, ಇತರೆ – 2,01,266
ಒಟ್ಟು – 2,11,83,647

ಪುಸ್ತಿಕೆಯಲ್ಲಿ ಇವೆರಡೂ ಅಕ್ಕಪಕ್ಕದಲ್ಲಿ ಇರುತ್ತವೆ, ಮಧ್ಯೆ ಒಂದು ಗೆರೆ. ಅನೇಕ ವರದಿಗಳಲ್ಲಿ ಅಂಕಿಗಳೂ ಕನ್ನಡದವೇ. ಮನುಷ್ಯರ ಕಣ್ಣಿಗೆ ಇದರಲ್ಲಿ ತೊಡಕೇನೂ ಕಾಣುವುದಿಲ್ಲ. ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಮಾತ್ರ ಮೊದಲ ಎಡವಟ್ಟು ಇಲ್ಲಿಯೇ. ಅದು ಸಾಲನ್ನು ಎಡದಿಂದ ಬಲಕ್ಕೆ ಪೂರ್ತಿ ಓದುತ್ತದೆ. ಹಾಗಾಗಿ "ಷೇರು ಬಂಡವಾಳ 18,42,500 ಕೈಯಲ್ಲಿರುವ ನಗದು 1,27,436" ಎಂದು ಎರಡೂ ಬದಿಯ ಬಾಬ್ತುಗಳನ್ನು ಒಂದೇ ಸಾಲಿಗೆ ಹೊಲಿದುಬಿಡುತ್ತದೆ. ಆಮೇಲೆ ಯಾವ ಅಂಕಿ ಯಾವ ಬದಿಯದು ಎಂದು ಬಿಡಿಸುವುದು ತಲೆನೋವು. ಅದರ ಬದಲು ಫೋಟೊವನ್ನೇ ಮಧ್ಯದ ಗೆರೆಯಲ್ಲಿ ಎರಡಾಗಿ ಕತ್ತರಿಸಿ, ಎಡಕ್ಕೊಂದು ಕಡತ, ಬಲಕ್ಕೊಂದು ಕಡತ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಕತ್ತರಿಸುವ ಮೊದಲು ಫೋಟೊ ಹೇಗಿದೆ ನೋಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ, ಅಂಕಿಗಳ ಅಂಚು ಮಸುಕಾಗಿ ಬರುತ್ತದೆ. ಅದೇ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಎಂದರೆ ಮೂಲದ ಗಾತ್ರದಲ್ಲೇ ಬರುತ್ತದೆ. ಪುಸ್ತಿಕೆಯ ಮಡಿಕೆಯ ಬಳಿ ಸಾಲುಗಳು ಬಾಗಿರುತ್ತವೆ. ಆ ಬಾಗಿನಲ್ಲಿ ಒಂದು ಬಾಬ್ತಿನ ಹೆಸರಿಗೆ ಕೆಳಗಿನ ಸಾಲಿನ ಮೊತ್ತ ಅಂಟಿಕೊಳ್ಳುವುದು ತೀರಾ ಸಾಮಾನ್ಯ. ಇಷ್ಟು ಸರಿಮಾಡಿಕೊಂಡ ಮೇಲೆ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಟೆಸರಾಕ್ಟ್ ಎಂಬ ತಂತ್ರಾಂಶಕ್ಕೆ ಹೀಗೆ ಹೇಳಬಹುದು:

```
tesseract eda.png eda -l kan+eng --psm 6
tesseract bala.png bala -l kan+eng --psm 6
```

`kan+eng` ಅಂದರೆ ಕನ್ನಡ, ಇಂಗ್ಲಿಷ್ ಎರಡೂ ಇರಬಹುದು ಎಂಬ ಸೂಚನೆ. `--psm 6` ಅಂದರೆ ಇಡೀ ಚಿತ್ರವನ್ನು ಒಂದೇ ಪಠ್ಯದ ತುಂಡು ಎಂದು ಭಾವಿಸಿ ಸಾಲು ಸಾಲಾಗಿ ಓದು ಎಂದು.

ಫೋಟೊದ ಬದಲು ಪಿಡಿಎಫ್ ಸಿಕ್ಕಿದರೆ ಎಲ್ಲವೂ ಸಲೀಸು ಎಂದುಕೊಳ್ಳುವುದು ಸಹಜ. ಆದರೆ ನಮ್ಮ ಡಿ.ಟಿ.ಪಿ. ಅಂಗಡಿಗಳಲ್ಲಿ ಇಂದಿಗೂ ನುಡಿಯ ಹಳೆಯ ಫಾಂಟುಗಳ ಬಳಕೆ ಬಿಟ್ಟುಹೋಗಿಲ್ಲ. ಅಂಥ ಪಿಡಿಎಫ್‌ನಿಂದ "ಷೇರು" ಎಂಬ ಪದವನ್ನು ನಕಲು ಮಾಡಿ ಅಂಟಿಸಿದರೆ `µÉÃgÀÄ` ಎಂದು ಬರುತ್ತದೆ. ಯೂನಿಕೋಡ್‌ಗೆ ಪರಿವರ್ತಿಸದೆ ಆ ಪಠ್ಯದಿಂದ ಬಾಬ್ತುಗಳ ಹೆಸರು ತಿಳಿಯುವುದಿಲ್ಲ. ಪರಿವರ್ತಕ ಕೈಗೆ ಸಿಗದಿದ್ದರೆ ಆ ಪಿಡಿಎಫ್ ಅನ್ನೂ ಚಿತ್ರವೆಂದೇ ತಿಳಿದು ಓದಿಸಬೇಕಾಗುತ್ತದೆ.

ಓದಿಸಿದ್ದಾಯಿತು ಎಂದುಕೊಳ್ಳೋಣ. ಎಡಗಡೆಯಲ್ಲಿ ಸಿಕ್ಕ ಅಂಕಿಗಳನ್ನೆಲ್ಲ, ಕೊನೆಯ ಒಟ್ಟು ಒಂದನ್ನು ಬಿಟ್ಟು, ಕೂಡಿದರೆ 3,58,57,467 ಬರುತ್ತದೆ. ಅಚ್ಚಿನ ಮೊತ್ತಕ್ಕಿಂತ 1,46,73,820 ಹೆಚ್ಚು. ಈ ವ್ಯತ್ಯಾಸವನ್ನೇ ಪಟ್ಟಿಯಲ್ಲಿ ಹುಡುಕಿ: ಠೇವಣಿಗಳ ಮೊತ್ತ ಅಷ್ಟೇ ಇದೆ. ಅಂದರೆ ಒಳ ಅಂಕಣದಲ್ಲಿದ್ದ ಉಳಿತಾಯ, ಮುದ್ದತಿ, ಪಿಗ್ಮಿ ಒಂದು ಸಲ, ಹೊರ ಅಂಕಣದ ಅವುಗಳ ಮೊತ್ತ ಇನ್ನೊಂದು ಸಲ ಲೆಕ್ಕಕ್ಕೆ ಬಂದಿವೆ. ಬಲಗಡೆ ಪೀಠೋಪಕರಣದ್ದೂ ಇದೇ ಕತೆ. ಅಲ್ಲಿ 2,40,000, 24,000, 2,16,000 ಮೂರೂ ಕೂಡಿಕೊಂಡು ಮೊತ್ತ 2,64,000 ಉಬ್ಬುತ್ತದೆ. ಸವಕಳಿ ಕಳೆಯಬೇಕಾದದ್ದು, ಅದನ್ನೂ ಕೂಡಿಸಿದ್ದಾಯಿತು.

ಇದಕ್ಕೆ ಪರಿಹಾರ ಅಂಕಿ ಪುಟದ ಮೇಲೆ ಎಲ್ಲಿ ಕೂತಿದೆ ಎಂಬುದರಲ್ಲಿದೆ. ಒಳ ಅಂಕಣದ ಅಂಕಿಗಳ ಬಲ ಅಂಚು ಒಂದು ನೇರದಲ್ಲಿರುತ್ತದೆ, ಹೊರ ಅಂಕಣದ್ದು ಇನ್ನೊಂದು ನೇರದಲ್ಲಿ. ಟೆಸರಾಕ್ಟ್‌ಗೆ ಆಜ್ಞೆಯ ಕೊನೆಯಲ್ಲಿ `tsv` ಎಂದು ಸೇರಿಸಿದರೆ ಪ್ರತಿ ಪದದ ಜೊತೆಗೆ ಅದು ಚಿತ್ರದಲ್ಲಿ ಎಲ್ಲಿದೆ ಎಂಬ ಅಳತೆಯನ್ನೂ ಬರೆದುಕೊಡುತ್ತದೆ. ಬಲ ಅಂಚಿನ ಅಳತೆ ನೋಡಿ ಹೊರ ಅಂಕಣದವನ್ನು ಮಾತ್ರ ಆರಿಸಿಕೊಳ್ಳಬೇಕು. ಒಳ ಅಂಕಣವನ್ನು ಎಸೆಯಬಾರದು. ಉಳಿತಾಯ, ಮುದ್ದತಿ, ಪಿಗ್ಮಿ ಕೂಡಿದರೆ ಠೇವಣಿಯ ಮೊತ್ತ ಬರುತ್ತದೆಯೇ ಎಂಬುದು ತಾನೇ ಒಂದು ಸಣ್ಣ ಪರೀಕ್ಷೆ. ಹಿಂದಿನ ವರ್ಷದ ಅಂಕಣ ಇದ್ದರೆ ಅದನ್ನೂ ಬೇರೆಯಾಗಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಎಡಗಡೆ ಕೂಡಿದರೆ 2,11,83,647 ಬಂತು. ಬಲಗಡೆ ಕೂಡಿದರೆ 2,14,83,647. ಮೂರು ಲಕ್ಷ ಹೆಚ್ಚು.

ಹಳೆಯ ಗುಮಾಸ್ತರು ಇಂಥ ಹೊತ್ತಿನಲ್ಲಿ ಮೊದಲು ವ್ಯತ್ಯಾಸದ ಮುಖ ನೋಡುತ್ತಿದ್ದರು, ಆಮೇಲೆ ಪುಸ್ತಕ ತೆರೆಯುತ್ತಿದ್ದರು. ವ್ಯತ್ಯಾಸ 3,00,000, ಅಂದರೆ ಒಂದೇ ಅಂಕಿ, ಉಳಿದವೆಲ್ಲ ಸೊನ್ನೆ. ಇಂಥದ್ದು ಸಾಮಾನ್ಯವಾಗಿ ಒಂದು ಅಂಕಿಯನ್ನು ತಪ್ಪಾಗಿ ಓದಿದ್ದರಿಂದ ಬರುತ್ತದೆ. ಲಕ್ಷದ ಸ್ಥಾನದಲ್ಲಿ ಇರಬೇಕಾದ್ದಕ್ಕಿಂತ ಮೂರು ಹೆಚ್ಚಿನ ಅಂಕಿಯನ್ನು ಎಲ್ಲೋ ಓದಿದ್ದೇವೆ. ಹಾಗಿದ್ದರೆ ಓದಿದ ಅಂಕಿ ಕನಿಷ್ಠ ಮೂರಾದರೂ ಇರಬೇಕು. ಯಂತ್ರ ಕೊಟ್ಟ ಪಟ್ಟಿಯಲ್ಲಿ ಲಕ್ಷದ ಸ್ಥಾನ ನೋಡುತ್ತ ಹೋಗಿ: ನಗದಿನಲ್ಲಿ 1, ಬ್ಯಾಂಕ್ ಶಿಲ್ಕಿನಲ್ಲಿ 4, ಹೂಡಿಕೆಯಲ್ಲಿ 2, ಸದಸ್ಯರ ಸಾಲದಲ್ಲಿ 2, ಬರತಕ್ಕ ಬಡ್ಡಿಯಲ್ಲಿ 9, ಪೀಠೋಪಕರಣದಲ್ಲಿ 2, ಮುಂಗಡದಲ್ಲಿ 2. ಏಳು ಸಾಲಿನಲ್ಲಿ ಅನುಮಾನಕ್ಕೆ ಉಳಿದದ್ದು ಎರಡೇ. ಬ್ಯಾಂಕ್ ಶಿಲ್ಕಿನ ೪ ನಿಜವಾಗಿ ೧ ಆಗಿರಬೇಕು, ಇಲ್ಲವೇ ಬರತಕ್ಕ ಬಡ್ಡಿಯ ೯ ನಿಜವಾಗಿ ೬ ಆಗಿರಬೇಕು. ೪ನ್ನೂ ೧ನ್ನೂ ಯಾರೂ ಅದಲುಬದಲು ಮಾಡಿಕೊಳ್ಳುವುದಿಲ್ಲ. ೬, ೯ ಹಾಗಲ್ಲ. ಎರಡರ ಮೈಯೂ ಒಂದೇ ಬಗೆಯ ತಿರುವು, ಬೇರೆ ಮಾಡುವುದು ಕೊನೆಯ ಬಾಲ ಮಾತ್ರ. ಮಸುಕಾದ ಫೋಟೊದಲ್ಲಿ ಆ ಬಾಲವೇ ಮೊದಲು ಅಳಿಸುವುದು. ಚಿತ್ರದಲ್ಲಿ ಆ ಒಂದು ಜಾಗವನ್ನು ದೊಡ್ಡದು ಮಾಡಿ ನೋಡಿದರೆ ಸಾಕು: ಅದು 6,91,280. ಸೊನ್ನೆಗೂ ಒಂದಕ್ಕೂ ಹೀಗೇ ಗೊಂದಲವಾಗುತ್ತದೆ. ೧ರ ಬಾಯಿ ಮುಚ್ಚಿಕೊಂಡರೆ ಅದು ೦.

ಇಲ್ಲಿ ಒಂದು ಎಚ್ಚರ. ಲೆಕ್ಕ ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ೯ನ್ನು ೬ ಎಂದು ತಿದ್ದಬಾರದು. ಎಲ್ಲಿ ನೋಡಬೇಕು ಎಂಬುದನ್ನಷ್ಟೇ ಲೆಕ್ಕ ಹೇಳುತ್ತದೆ. ಏನಿದೆ ಎಂಬುದನ್ನು ಚಿತ್ರವೇ ಹೇಳಬೇಕು. ಚಿತ್ರದಲ್ಲಿ ನಿಚ್ಚಳವಾಗಿ ೯ ಇದ್ದು, ಅಚ್ಚಿನ ಮೊತ್ತಕ್ಕೆ ಅದು ಹೊಂದದೆ ಹೋದರೆ ತಪ್ಪು ಮುದ್ರಣದ್ದು. ಆಗ ಅದನ್ನು ಹಾಗೆಯೇ ಬರೆದುಕೊಂಡು ಸಂಘವನ್ನು ಕೇಳಬೇಕು. ಈಚೆಗೆ ಚಿತ್ರ ಓದುವ ಕೆಲವು ಹೊಸ ತಂತ್ರಾಂಶಗಳು ಮಸುಕಾದ ಜಾಗದಲ್ಲಿ ನಂಬುವಂಥ ಒಂದು ಅಂಕಿಯನ್ನು ತಾವೇ ತುಂಬಿಬಿಡುತ್ತವೆ. ಮೊತ್ತಕ್ಕೆ ಹೊಂದುವ ಹಾಗೆ ತುಂಬಿದ ಅಂಕಿಯನ್ನು ಅದೇ ಮೊತ್ತದಿಂದ ಪರೀಕ್ಷಿಸಿ ಏನು ಫಲ? ಅದಕ್ಕೇ ಬಾಬ್ತುಗಳನ್ನು ಓದಿಸುವಾಗ ಒಟ್ಟು ಇರುವ ಸಾಲನ್ನು ಚಿತ್ರದಿಂದ ಕತ್ತರಿಸಿ ಬೇರೆಯಾಗಿ ಓದಿಸುವುದು ನನಗೆ ಮೆಚ್ಚು.

ಕೈಯಲ್ಲಿ ಟೈಪ್ ಮಾಡಿದರೆ ಬೇರೆ ಬಗೆಯ ತಪ್ಪು ನುಸುಳುತ್ತದೆ. ಕೊಡತಕ್ಕ ಡಿವಿಡೆಂಡ್ 57,860 ಇದ್ದದ್ದು 75,860 ಆಯಿತು ಎನ್ನಿ. ವ್ಯತ್ಯಾಸ 18,000. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. 18,000ವನ್ನು ಒಂಬತ್ತರಿಂದ ಭಾಗಿಸಿದರೆ 2,000. ಆ ಎರಡು ಎಂಬುದು ಅದಲುಬದಲಾದ ಅಂಕಿಗಳ ನಡುವಿನ ಅಂತರ, 7 ಮತ್ತು 5. ಮೂರು ಸೊನ್ನೆ ಹೇಳುವುದು ಅದು ಸಾವಿರದ ಸ್ಥಾನದಲ್ಲಿ ಆಯಿತೆಂದು. ಹಳೆಯ ನಮೂನೆಗಳಲ್ಲಿ ರೂಪಾಯಿಗೊಂದು, ಪೈಸೆಗೊಂದು ಅಂಕಣ ಇರುತ್ತದೆ. ಎರಡನ್ನೂ ಅಂಟಿಸಿ ಓದಿದರೆ 57,860 ಹೋಗಿ 57,86,000 ಆಗುತ್ತದೆ, ಆಗ ವ್ಯತ್ಯಾಸ ತೊಂಬತ್ತೊಂಬತ್ತರಿಂದ ಭಾಗವಾಗುತ್ತದೆ. ಇನ್ನು ವ್ಯತ್ಯಾಸದ ಅರ್ಧದಷ್ಟು ಮೊತ್ತದ ಬಾಬ್ತು ಪಟ್ಟಿಯಲ್ಲಿ ಕಂಡರೆ ಅದು ತಪ್ಪು ಬದಿಗೆ ಹೋಗಿ ಕೂತಿದೆ ಎಂದು ಅನುಮಾನಿಸಬೇಕು. ಇವೆಲ್ಲ ಸುಳಿವುಗಳು ಮಾತ್ರ. ಎರಡು ತಪ್ಪು ಒಟ್ಟಿಗೆ ಆಗಿದ್ದರೆ ಒಂದೂ ಕೆಲಸಕ್ಕೆ ಬರುವುದಿಲ್ಲ, ಸಾಲು ಸಾಲಾಗಿ ಮೂಲದ ಜೊತೆ ತಾಳೆ ನೋಡುವುದೇ ಗತಿ.

ಕೂಡುವ ಮೊದಲೇ ಕೆಲವು ತಪ್ಪುಗಳನ್ನು ಹಿಡಿಯಲು ನಮ್ಮ ಅಲ್ಪವಿರಾಮಗಳೂ ನೆರವಾಗುತ್ತವೆ. ನಮ್ಮಲ್ಲಿ ಬಲದಿಂದ ಮೂರು ಅಂಕಿಗೊಂದು, ಆಮೇಲೆ ಎರಡೆರಡಕ್ಕೊಂದು ಅಲ್ಪವಿರಾಮ. ಯಂತ್ರ 14,83,90 ಎಂದು ಕೊಟ್ಟರೆ ಕೊನೆಯ ಒಂದು ಅಂಕಿ ಬಿದ್ದುಹೋಗಿದೆ ಎಂದು ಅಲ್ಪವಿರಾಮದ ಜಾಗವೇ ಹೇಳುತ್ತದೆ. ಅಲ್ಪವಿರಾಮ ಚುಕ್ಕೆಯಾಗಿ ಓದಿಸಿಕೊಂಡರೂ ಇದೇ ನಿಯಮದಿಂದ ಸಿಕ್ಕಿಬೀಳುತ್ತದೆ. ಹಾಗಾಗಿ ಅಲ್ಪವಿರಾಮ ಕಿತ್ತುಹಾಕುವುದಕ್ಕೆ ಮೊದಲು ಒಮ್ಮೆ ಅವುಗಳ ಜಾಗ ನೋಡಬೇಕು.

ಕೊನೆಯ ಕೂಡುವ ಲೆಕ್ಕಕ್ಕೆ ಪೈಥಾನ್‌ನಲ್ಲಿ ಹತ್ತು ಸಾಲು ಸಾಕು. ಕನ್ನಡದ ಅಂಕಿಗಳನ್ನು ಅದು ಹಾಗೆಯೇ ಅರ್ಥ ಮಾಡಿಕೊಳ್ಳುತ್ತದೆ, ಬೇರೆ ಪರಿವರ್ತನೆ ಬೇಡ.

```python
from decimal import Decimal

def anki(s):
    return Decimal(s.replace(",", ""))

asti = ["೧,೨೭,೪೩೬", "೧೪,೮೩,೯೦೫", "೩೨,೧೫,೦೦೦", "೧,೫೨,೪೮,೭೬೦",
        "೬,೯೧,೨೮೦", "೨,೧೬,೦೦೦", "೨,೦೧,೨೬೬"]
javabdari = ["೧,೪೬,೭೩,೮೨೦", "೨೫,೦೦,೦೦೦", "೩,೬೪,೨೧೫", "೫೭,೮೬೦"]
swanta = ["೧೮,೪೨,೫೦೦", "೯,೭೬,೩೪೦", "೩,೫೦,೦೦೦", "೪,೧೮,೯೧೨"]

A, L, E = (sum(map(anki, x)) for x in (asti, javabdari, swanta))
print(A, L, E, A - (L + E))
```

ಪರದೆಯ ಮೇಲೆ `21183647 17595895 3587752 0` ಎಂದು ಬರುತ್ತದೆ. ಆಸ್ತಿ ಎರಡು ಕೋಟಿ ಹನ್ನೊಂದು ಲಕ್ಷ ಚಿಲ್ಲರೆ, ಜವಾಬ್ದಾರಿ ಒಂದು ಕೋಟಿ ಎಪ್ಪತ್ತೈದು ಲಕ್ಷ ಚಿಲ್ಲರೆ, ಸ್ವಂತದ್ದು ಮೂವತ್ತೈದು ಲಕ್ಷ ಎಂಬತ್ತೇಳು ಸಾವಿರ. ಕೊನೆಯ ಸೊನ್ನೆ ನಾವು ಬಯಸಿದ ಉತ್ತರ.

ಆ ಸೊನ್ನೆ ಕಂಡ ಕೂಡಲೇ ಕೆಲಸ ಮುಗಿಯುವುದಿಲ್ಲ. ಗಮನಿಸಿ, ಪುಸ್ತಿಕೆಯಲ್ಲಿ ಎಡಗಡೆಯ ಎಂಟು ಬಾಬ್ತುಗಳೂ ಒಂದೇ ತಲೆಬರಹದ ಕೆಳಗಿದ್ದವು. ಅವುಗಳಲ್ಲಿ ನಾಲ್ಕನ್ನು ಜವಾಬ್ದಾರಿಗೆ, ನಾಲ್ಕನ್ನು ಸ್ವಂತಕ್ಕೆ ಹಂಚಿದವರು ನಾವು. ಹಂಚಿದ್ದು ತಪ್ಪಾಗಿದ್ದರೂ ಸಮೀಕರಣ ಹೊಂದುತ್ತದೆ, ಏಕೆಂದರೆ ಎರಡೂ ಒಂದೇ ಬದಿಯಲ್ಲಿವೆ. ಕಟ್ಟಡ ನಿಧಿಯನ್ನು ಜವಾಬ್ದಾರಿಗೆ ಸೇರಿಸಿ ನೋಡಿ. ಸ್ವಂತ ಬಂಡವಾಳ 32,37,752ಕ್ಕೆ ಇಳಿಯುತ್ತದೆ, ಕೊನೆಯ ಸೊನ್ನೆ ಸೊನ್ನೆಯಾಗಿಯೇ ಇರುತ್ತದೆ. ಸಂಘ ಎಷ್ಟು ಗಟ್ಟಿಯಾಗಿದೆ ಎಂದು ತೂಗುವ ಎಲ್ಲ ಲೆಕ್ಕವೂ ಈ ಸ್ವಂತ ಬಂಡವಾಳದ ಮೇಲೆಯೇ ನಿಂತಿರುವುದರಿಂದ ಇದು ಸಣ್ಣ ತಪ್ಪಲ್ಲ.

ಸಹಕಾರ ಸಂಘಗಳ ತಃಖ್ತೆಯಲ್ಲಿ ಈ ತೊಡಕು ಹೆಚ್ಚು, ಅದಕ್ಕೆ ಕಾರಣ "ನಿಧಿ" ಎಂದು ಕೊನೆಯಾಗುವ ಹೆಸರುಗಳ ಜಾತ್ರೆ. ಆಪದ್ಧನ ನಿಧಿ, ಕಟ್ಟಡ ನಿಧಿ ಲಾಭದಿಂದ ಎತ್ತಿಟ್ಟವು, ಸಂಘದ್ದೇ. ನೌಕರರ ಉಪದಾನ ನಿಧಿ ನೌಕರರಿಗೆ ಕೊಡಬೇಕಾದದ್ದು, ಅದು ಜವಾಬ್ದಾರಿ. ಸಂಶಯಾಸ್ಪದ ಸಾಲದ ನಿಧಿ ಎಂದಿದ್ದರೆ ಅದು ವಾಪಸು ಬಾರದಿರಬಹುದಾದ ಸಾಲಕ್ಕೆ ಮಾಡಿಟ್ಟ ಏರ್ಪಾಡು, ಸದಸ್ಯರ ಸಾಲದಿಂದ ಕಳೆದು ನೋಡುವುದು ಸರಿ. ಸುಸ್ತಿ ಬಡ್ಡಿಯದೂ ಹಾಗೆಯೇ. ಆಸ್ತಿಯಲ್ಲಿ ಬರತಕ್ಕ ಬಡ್ಡಿ ಎಂದು ತೋರಿಸಿ, ಎಡಗಡೆ ಸುಸ್ತಿ ಬಡ್ಡಿಗೆ ಏರ್ಪಾಡು ಎಂದು ಅಷ್ಟೇ ಮೊತ್ತ ಇಟ್ಟಿರುತ್ತಾರೆ. ಸಂಘ ನಷ್ಟದಲ್ಲಿದ್ದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಸಂಚಿತ ನಷ್ಟವನ್ನು ಬಲಗಡೆ, ಆಸ್ತಿಗಳ ಸಾಲಿನಲ್ಲಿ ಬರೆದಿರುತ್ತಾರೆ, ಎರಡು ಬದಿ ಸಮ ಮಾಡಲು. ನಷ್ಟ ಆಸ್ತಿ ಹೇಗಾದೀತು? ಅದನ್ನು ಅಲ್ಲಿಂದ ತೆಗೆದು ಸ್ವಂತ ಬಂಡವಾಳದಲ್ಲಿ ಕಳೆಯಬೇಕು. ಎರಡು ಬದಿಯೂ ಅಷ್ಟಷ್ಟೇ ಇಳಿಯುವುದರಿಂದ ಸಮೀಕರಣ ಆಗಲೂ ಹೊಂದುತ್ತದೆ, ಆದರೆ ಮೂರೂ ಮೊತ್ತಗಳು ಈಗ ನಿಜ ಹೇಳುತ್ತವೆ.

ಹಂಚಿಕೆ ಸರಿಯೇ ಎಂದು ತಿಳಿಯಲು ಸಮೀಕರಣ ಸಾಲದು, ಬೇರೆ ಪರೀಕ್ಷೆ ಬೇಕು. ಬದಿಗಿಟ್ಟಿದ್ದ ಹಿಂದಿನ ವರ್ಷದ ಅಂಕಣ ಈಗ ಕೆಲಸಕ್ಕೆ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಹಿಂದಿನ ಮಾರ್ಚ್‌ಗೆ ಷೇರು ಬಂಡವಾಳ 17,26,000, ಆಪದ್ಧನ ನಿಧಿ 8,81,590, ಕಟ್ಟಡ ನಿಧಿ 3,00,000, ಆ ಸಾಲಿನ ಲಾಭ 3,79,000, ಒಟ್ಟು ಸ್ವಂತದ್ದು 32,86,590 ಇತ್ತೆನ್ನಿ. ವರ್ಷದಲ್ಲಿ 1,16,500 ರೂಪಾಯಿಯ ಹೊಸ ಷೇರು ಬಂತು. ಹಿಂದಿನ ಲಾಭದಲ್ಲಿ ಕಾಲು ಭಾಗ, 94,750, ಆಪದ್ಧನಕ್ಕೆ ಹೋಯಿತು. ಕನಿಷ್ಠ ಅಷ್ಟನ್ನಾದರೂ ಎತ್ತಿಡಬೇಕೆಂಬುದು ಕರ್ನಾಟಕದ ಸಹಕಾರ ಕಾಯ್ದೆಯ ಕಟ್ಟು. 50,000 ಕಟ್ಟಡ ನಿಧಿಗೆ ಹೋಯಿತು. ಈ ಎರಡೂ ಮನೆಯೊಳಗೇ ಉಳಿದವು. ಮಿಕ್ಕ 2,34,250 ಡಿವಿಡೆಂಡ್ ಮತ್ತಿತರ ಹಂಚಿಕೆಯಾಗಿ ಹೊರಗೆ ಹೋಯಿತು. ಈ ವರ್ಷ 4,18,912 ಲಾಭ ಬಂತು. 32,86,590ಕ್ಕೆ 1,16,500 ಕೂಡಿ, 2,34,250 ಕಳೆದು, 4,18,912 ಕೂಡಿದರೆ 35,87,752. ನಾವು ತಃಖ್ತೆಯಿಂದ ಎತ್ತಿದ ಸ್ವಂತ ಬಂಡವಾಳವೂ ಅಷ್ಟೇ.

ಈಗ ಕಟ್ಟಡ ನಿಧಿಯನ್ನು ಈ ವರ್ಷ ಮಾತ್ರ ಜವಾಬ್ದಾರಿಗೆ ಹಾಕಿದ್ದರೆ ಇಲ್ಲಿ 3,50,000 ಅಂತರ ಎದ್ದು ಕಾಣುತ್ತದೆ. ಎರಡೂ ವರ್ಷ ಒಂದೇ ತಪ್ಪು ಮಾಡಿದ್ದರೂ ಬಚಾವಾಗುವುದಿಲ್ಲ. ಆಗ 50,000 ಅಂತರ ಉಳಿಯುತ್ತದೆ, ಸರಿಯಾಗಿ ವರ್ಷದಲ್ಲಿ ಆ ನಿಧಿಗೆ ವರ್ಗಾಯಿಸಿದಷ್ಟು. ಇದಕ್ಕೆ ಬೇಕಾದ ಲಾಭ ಹಂಚಿಕೆಯ ವಿವರ ಅದೇ ಪುಸ್ತಿಕೆಯಲ್ಲಿ ಇನ್ನೊಂದು ಪುಟದಲ್ಲಿ ಇರುತ್ತದೆ, ಮಹಾಸಭೆಯ ಒಪ್ಪಿಗೆಗೆ ಇಡಬೇಕಾದ ವಿಷಯವಾದ್ದರಿಂದ. ಆ ಪುಟದ ಫೋಟೊವನ್ನೂ ಕೇಳಿ ಪಡೆಯಿರಿ.

ಸ್ವಂತ ಬಂಡವಾಳ ಎಂಬ ತಲೆಬರಹ ಪುಟದಲ್ಲಿ ಇಲ್ಲ ಎಂದು, ಆಸ್ತಿಯಿಂದ ಜವಾಬ್ದಾರಿ ಕಳೆದು ಉಳಿದದ್ದೇ ಸ್ವಂತದ್ದು ಎಂದು ಬರೆದುಕೊಳ್ಳುವವರೂ ಇದ್ದಾರೆ. ಹಾಗೆ ಮಾಡಿ ಆಮೇಲೆ ಸಮೀಕರಣ ಹೊಂದಿತು ಎಂದರೆ ಅದು ಪರೀಕ್ಷೆಯೇ ಅಲ್ಲ. ಕಳೆದದ್ದನ್ನು ಮತ್ತೆ ಕೂಡಿದರೆ ಮೊದಲಿನದೇ ಬರುತ್ತದೆ.

ಕಂಪನಿಗಳ ತಃಖ್ತೆ ಈ ವಿಷಯದಲ್ಲಿ ಸಲೀಸು. 2013ರ ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿಯ ನಮೂನೆಯಲ್ಲಿ ಅಕ್ಕಪಕ್ಕದ ಅಂಕಣ ಇಲ್ಲ, ಎಲ್ಲ ಮೇಲಿನಿಂದ ಕೆಳಕ್ಕೆ. ಷೇರುದಾರರ ನಿಧಿಗೆ ಬೇರೆ ತಲೆಬರಹ ಇದೆ. ಅಲ್ಲಿನ ಕಷ್ಟ ಬೇರೆ: ಅಂಕಿಗಳನ್ನು ಲಕ್ಷಕ್ಕೋ ಕೋಟಿಗೋ ದುಂಡು ಮಾಡಿರುತ್ತಾರೆ, ಆ ಮಾತು ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ದುಂಡು ಮಾಡಿದ ಸಾಲುಗಳನ್ನು ಕೂಡಿದಾಗ ಒಂದೆರಡು ಕೋಟಿಯ ವ್ಯತ್ಯಾಸ ಬಂದರೆ ಅದು ತಪ್ಪಲ್ಲ. ಪ್ರತಿ ಸಾಲಿನಲ್ಲೂ ಅರ್ಧದವರೆಗೆ ಏರುಪೇರು ಇರಬಹುದಾದ್ದರಿಂದ ಹತ್ತು ಸಾಲಿಗೆ ಐದರವರೆಗೆ ಸಾಧ್ಯ, ವಾಸ್ತವದಲ್ಲಿ ಒಂದೆರಡು ದಾಟುವುದು ಅಪರೂಪ. ಪೂರ್ತಿ ರೂಪಾಯಿಯಲ್ಲಿ ಕೊಟ್ಟ ಸಂಘದ ತಃಖ್ತೆಯಲ್ಲಿ ಈ ವಿನಾಯಿತಿ ಇಲ್ಲ. ಅಲ್ಲಿ ಸೊನ್ನೆ ಎಂದರೆ ಸೊನ್ನೆಯೇ, ಪೈಸೆ ಬಿಟ್ಟಿದ್ದರೆ ಹೆಚ್ಚೆಂದರೆ ಕೆಲವು ರೂಪಾಯಿ.

ಎಲ್ಲ ಪರೀಕ್ಷೆ ಗೆದ್ದ ಮೇಲೂ ಚಿತ್ರದಿಂದ ತಿಳಿಯದ ಸಂಗತಿ ಉಳಿಯುತ್ತದೆ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ನಿರ್ದೇಶಕ ಮಂಡಳಿಗೆ ಬರೆದ ಪತ್ರ ನೆನಪಿಸಿಕೊಳ್ಳಿ. 2008ರ ಸೆಪ್ಟೆಂಬರ್ 30ರ ತಃಖ್ತೆಯಲ್ಲಿ ನಗದು ಮತ್ತು ಬ್ಯಾಂಕ್ ಶಿಲ್ಕು ಎಂದು ತೋರಿಸಿದ್ದ 5,361 ಕೋಟಿಯಲ್ಲಿ 5,040 ಕೋಟಿ ಇರಲೇ ಇಲ್ಲ ಎಂದು ಅದರಲ್ಲಿ ಒಪ್ಪಿಕೊಂಡಿದ್ದರು. ಇಲ್ಲದ 376 ಕೋಟಿ ಬಡ್ಡಿ, ತೋರಿಸದೆ ಬಿಟ್ಟ 1,230 ಕೋಟಿ ಜವಾಬ್ದಾರಿ, 490 ಕೋಟಿ ಉಬ್ಬಿಸಿದ ಬಾಕಿ ವಸೂಲಿ ಕೂಡ ಆ ಪತ್ರದಲ್ಲಿದ್ದವು. ಅಷ್ಟು ವರ್ಷ ಆ ಕಂಪನಿಯ ತಃಖ್ತೆಯ ಎರಡು ಬದಿ ಒಂದು ರೂಪಾಯಿಯೂ ಆಚೀಚೆ ಆಗಿರಲಿಲ್ಲ. ಆಗುವುದೂ ಇಲ್ಲ. ನಡೆಯದ ವ್ಯಾಪಾರಕ್ಕೆ ಬಿಲ್ಲು ಬರೆದರೆ ಬರತಕ್ಕ ಬಾಕಿ ಹೆಚ್ಚುತ್ತದೆ, ಲಾಭವೂ ಅಷ್ಟೇ ಹೆಚ್ಚಿ ಸ್ವಂತ ಬಂಡವಾಳಕ್ಕೆ ಸೇರುತ್ತದೆ. ಆ ಬಾಕಿ ವಸೂಲಾಯಿತು ಎಂದು ಇನ್ನೊಂದು ನಮೂದು ಬರೆದರೆ ಬಾಕಿ ಇಳಿದು ಬ್ಯಾಂಕ್ ಶಿಲ್ಕು ಏರುತ್ತದೆ. ಪ್ರತಿ ಸುಳ್ಳನ್ನೂ ಎರಡು ಕಡೆ ಬರೆದಿರುವುದರಿಂದ ಸಮೀಕರಣಕ್ಕೆ ಅದು ಕಾಣುವುದಿಲ್ಲ.

ಸಣ್ಣ ಸಂಘಗಳಲ್ಲಿ ಇದರ ಬಡ ನೆಂಟ "ಅನಾಮತ್ತು" ಎಂಬ ಸಾಲು. ಲೆಕ್ಕ ಹೊಂದದೆ ಉಳಿದ ಮೊತ್ತವನ್ನು ತಾತ್ಕಾಲಿಕವಾಗಿ ಅಲ್ಲಿ ನಿಲ್ಲಿಸುತ್ತಾರೆ, ಆಗ ಎರಡು ಬದಿ ಸಮ. ಅದು ಒಂದು ವರ್ಷ ಇದ್ದರೆ ಇರಲಿ. ಹಿಂದಿನ ವರ್ಷದ ಅಂಕಣದಲ್ಲೂ ಅದೇ ಮೊತ್ತ ಹಾಗೆಯೇ ಕೂತಿದ್ದರೆ ಅದು ಯಾವ ಬಾಬ್ತು ಎಂದು ಮಹಾಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ ಪ್ರಶ್ನೆ. ನಮ್ಮ ಪಟ್ಟಿಯ 14,83,905 ಬ್ಯಾಂಕ್ ಶಿಲ್ಕಿನ ಬಗ್ಗೆಯೂ ಹಾಗೆಯೇ. ಆ ಅಂಕಿಯನ್ನು ನಾವು ಸರಿಯಾಗಿ ಓದಿದ್ದೇವೆ ಎಂದಷ್ಟೇ ಸೊನ್ನೆ ಹೇಳಿತು. ಅಷ್ಟು ಹಣ ಮಾರ್ಚ್ 31ಕ್ಕೆ ಖಾತೆಯಲ್ಲಿ ನಿಜವಾಗಿ ಇತ್ತೇ ಎಂಬುದಕ್ಕೆ ಬ್ಯಾಂಕು ಕೊಡುವ ಶಿಲ್ಕು ದೃಢೀಕರಣ ಪತ್ರ ಬೇಕು, ಅದನ್ನು ಲೆಕ್ಕಪರಿಶೋಧಕರು ಬ್ಯಾಂಕಿನಿಂದಲೇ ತರಿಸಿ ನೋಡಿದ್ದಾರೆಯೇ ಎಂದು ಕೇಳಬೇಕು.